ಹೂಡಿಕೆದಾರರಿಗೆ ಹನ್ನೆರಡು ತಿಂಗಳ ಖರ್ಚಿನ ಪಟ್ಟಿ: ಮೊದಲ ಲಾಟ್ ಕಾಫಿ ಬೀಜವನ್ನು ಎಲ್ಲಿ ಬರೆಯಬೇಕು?

ಗಿರಿಶ್ರೇಣಿ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ತಮ್ಮ ಚಿಕ್ಕಮಗಳೂರಿನ ಹೊರವಲಯದಲ್ಲಿ ಬಾಡಿಗೆ ಶೆಡ್ ಹಿಡಿದು ಕಾಫಿ ಹುರಿದು ಪ್ಯಾಕ್ ಮಾಡುವ ಘಟಕ ಆರಂಭಿಸಲು ಹೊರಟಿದ್ದೇವೆ. ಅರ್ಧ ಮಾಲು ಕೆಫೆಗಳಿಗೆ, ಅರ್ಧ ಆನ್‌ಲೈನ್‌ನಲ್ಲಿ ನೇರವಾಗಿ ಗ್ರಾಹಕರಿಗೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ, ಪಾಲು ಕೊಟ್ಟು ಹಣ ಪಡೆಯುವ ಯೋಚನೆ. ಆಗಸ್ಟ್‌ನಲ್ಲಿ ಹಣ ಬಂದರೆ ನವೆಂಬರ್‌ನಿಂದ ಮಾರಾಟ.

ಹೂಡಿಕೆದಾರರೊಬ್ಬರಿಗೆ ಕಳುಹಿಸಿದ ಪಟ್ಟಿ ಹೀಗಿತ್ತು. ಒಂದೇ ಬಾರಿಯ ಖರ್ಚು: ರೋಸ್ಟರ್ 9 ಲಕ್ಷ, ಗ್ರೈಂಡರ್ ಮತ್ತು ಸೀಲಿಂಗ್ ಯಂತ್ರ 2.4 ಲಕ್ಷ, ಶೆಡ್ ಕೆಲಸ ಮತ್ತು ವೈರಿಂಗ್ 3 ಲಕ್ಷ, ಶೆಡ್ ಅಡ್ವಾನ್ಸ್ 2 ಲಕ್ಷ, ಮುದ್ರಿತ ಪೌಚ್ 1.6 ಲಕ್ಷ, ಕಂಪನಿ ನೋಂದಣಿ, ಟ್ರೇಡ್‌ಮಾರ್ಕ್ ಮತ್ತು ವೆಬ್‌ಸೈಟ್ 1.5 ಲಕ್ಷ, ಮೊದಲ ಲಾಟ್ ಕಾಫಿ ಬೀಜ 4.5 ಲಕ್ಷ. ಒಟ್ಟು 24 ಲಕ್ಷ. ತಿಂಗಳ ಖರ್ಚು: ಬಾಡಿಗೆ 20,000, ನಾಲ್ಕು ಜನರ ಸಂಬಳ 90,000, ವಿದ್ಯುತ್ ಮತ್ತು ಗ್ಯಾಸ್ 18,000, ಪ್ರಚಾರ 40,000, ಕೊರಿಯರ್ 30,000, ಇತರೆ 12,000. ಒಟ್ಟು 2.1 ಲಕ್ಷ, ಹನ್ನೆರಡು ತಿಂಗಳಿಗೆ 25.2 ಲಕ್ಷ. ಎರಡೂ ಸೇರಿ 49.2 ಲಕ್ಷ ಆಗುತ್ತದೆ ಎಂದು 50 ಲಕ್ಷ ಕೇಳಿದ್ದೆವು.

ಅವರು ಪಟ್ಟಿಯನ್ನು ಎರಡು ಪ್ರಶ್ನೆಗಳೊಂದಿಗೆ ಹಿಂದಿರುಗಿಸಿದ್ದಾರೆ. “ಒಂದೇ ಬಾರಿ ಎಂದು ಬರೆದವುಗಳಲ್ಲಿ ನಿಜಕ್ಕೂ ಮತ್ತೆ ಬಾರದವು ಯಾವುವು? ನಿಮ್ಮ ಕೈಯಲ್ಲಿ ಅತಿ ಕಡಿಮೆ ಹಣ ಉಳಿಯುವ ತಿಂಗಳು ಯಾವುದು?” ಎರಡನೆಯ ಪ್ರಶ್ನೆಗೆ ನಮ್ಮ ಪಟ್ಟಿಯಲ್ಲಿ ಉತ್ತರವೇ ಇಲ್ಲ. ಹೇಗೆ ಸರಿಪಡಿಸುವುದು?

ಬೇಲೂರು ಬೇಕರಿ

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ನಾನು ಬೇಕರಿ ಓವನ್ ಹಾಕಿದಾಗ ಪ್ರಾಜೆಕ್ಟ್ ರಿಪೋರ್ಟನ್ನು ಒಬ್ಬರು ಆಡಿಟರ್ ಹತ್ತಿರ ಬರೆಸಿದ್ದೆ. ಅವರ ಬಳಿ ಸಿದ್ಧ ನಮೂನೆ ಇರುತ್ತದೆ, ಅಂಕಿ ತುಂಬಿಸಿಕೊಡುತ್ತಾರೆ. ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35 ಸಹಾಯಧನ ಸಿಗುತ್ತದೆ, 10 ಲಕ್ಷದವರೆಗೆ. ಅದನ್ನು ನಿಮ್ಮ 50 ಲಕ್ಷದಲ್ಲಿ ಕಳೆದುಬಿಡಿ. 40 ಲಕ್ಷ ಕೇಳಿದರೆ ಸಾಕು.

ಹಾಸನ ಲೆಕ್ಕ

ಬೇಕರಿ ಸರ್, ಅವರು ಕೇಳುತ್ತಿರುವುದು ಬ್ಯಾಂಕ್ ಸಾಲದ ಬಗ್ಗೆ ಅಲ್ಲ. ನೀವು ಹೇಳಿದ ಸಹಾಯಧನ ಸಾಲಕ್ಕೆ ಅಂಟಿಕೊಂಡು ಬರುವಂಥದ್ದು. ಸಾಲವಿಲ್ಲದೆ, ಪಾಲು ಮಾರಿ ಹಣ ತರುವವರಿಗೆ ಅದು ತಾನಾಗಿ ದಕ್ಕುವುದಿಲ್ಲ. ಸಾಲ ಪಡೆದರೂ ಆ ಹಣ ಯಂತ್ರದ ಬಿಲ್ ಕಟ್ಟುವ ದಿನ ಕೈಗೆ ಬರುವುದಿಲ್ಲ. ಬರುವ ತಿಂಗಳು ಗೊತ್ತಿಲ್ಲದ ಹಣವನ್ನು ತಿಂಗಳವಾರು ಪಟ್ಟಿಯಲ್ಲಿ ಕಳೆಯಬಾರದು. ಮಂಜೂರಾದ ಮೇಲೆ ಸೇರಿಸಿಕೊಳ್ಳಲಿ.

ಗಿರಿಶ್ರೇಣಿ ಮೇಡಂ, ನಿಮ್ಮ ಪಟ್ಟಿಯ ದೊಡ್ಡ ತೊಂದರೆ ಕಾಫಿ ಬೀಜ. ಮೊದಲ ಲಾಟನ್ನು ಒಂದೇ ಬಾರಿಯ ಖರ್ಚಿಗೆ ಹಾಕಿದ್ದೀರಿ. ಅಲ್ಲಿಗೆ ಅದು ಮುಗಿಯಿತು ಎಂಬ ಭಾವನೆ ಬಂದಿದೆ. ಹಾಗಾಗಿ ತಿಂಗಳ ಖರ್ಚಿನಲ್ಲಿ ಬೀಜದ ಸಾಲೇ ಇಲ್ಲ. ಹುರಿಯುವ ಘಟಕ ಬೀಜ ಕೊಳ್ಳದೆ ಹನ್ನೆರಡು ತಿಂಗಳು ನಡೆಯುತ್ತದೆ ಎಂದು ಬರೆದ ಹಾಗಾಯಿತು. ಹೂಡಿಕೆದಾರರ ಮೊದಲ ಪ್ರಶ್ನೆ ಹುಟ್ಟಿದ್ದು ಬಹುಶಃ ಇಲ್ಲಿಯೇ.

ತಿಂಗಳಿಗೆ ಎಷ್ಟು ಕಿಲೋ ಮಾರುವ ಅಂದಾಜಿದೆ? ಸರಾಸರಿ ಬೆಲೆ ಎಷ್ಟು? ಬೀಜವನ್ನು ಕಿಲೋಗೆ ಎಷ್ಟು ಎಂದು ಹಿಡಿದಿದ್ದೀರಿ? ಹುರಿದಾಗ ಕಳೆಯುವ ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ?

ಗಿರಿಶ್ರೇಣಿ

ನವೆಂಬರ್‌ನಲ್ಲಿ 100 ಕಿಲೋ, ನಂತರ ತಿಂಗಳಿಗೆ ಮೂವತ್ತು ನಲವತ್ತು ಕಿಲೋ ಏರುತ್ತಾ ಮುಂದಿನ ಜುಲೈಗೆ 400 ಕಿಲೋ. ಒಂಬತ್ತು ತಿಂಗಳಿಗೆ ಒಟ್ಟು 2,290 ಕಿಲೋ ಹುರಿದ ಕಾಫಿ. ಕೆಫೆ ಮತ್ತು ಆನ್‌ಲೈನ್ ಸೇರಿಸಿ ಸರಾಸರಿ ಬೆಲೆ ತೆರಿಗೆ ಬಿಟ್ಟು ಕಿಲೋಗೆ 1,100. ಕ್ಯೂರಿಂಗ್ ಆದ ಬೀಜ, ಅರೇಬಿಕಾ ಮತ್ತು ರೊಬಸ್ಟಾ ಮಿಶ್ರಣ, ಕಿಲೋಗೆ 550 ಎಂದು ಹಿಡಿದಿದ್ದೇವೆ. ತೂಕ ಕಳೆಯುವುದನ್ನು ಹಿಡಿದಿಲ್ಲ.

ಎಂಬಿಎ ಮೂರನೇ ಬೆಂಚು

ನಿಜವಾಗಿ ಇಲ್ಲಿ ಬೇಕಿರುವುದು ಸವಕಳಿ. ರೋಸ್ಟರ್ ಹತ್ತು ವರ್ಷ ಬಾಳುತ್ತದೆ ಎಂದುಕೊಳ್ಳಿ. 9 ಲಕ್ಷವನ್ನು 120 ತಿಂಗಳಿಗೆ ಹಂಚಿದರೆ ತಿಂಗಳಿಗೆ 7,500. ಅದನ್ನು ತಿಂಗಳ ಖರ್ಚಿಗೆ ಸೇರಿಸಿ. ಇಲ್ಲದಿದ್ದರೆ ಯಂತ್ರ ಬಿಟ್ಟಿಯಾಗಿ ಓಡುತ್ತಿದೆ ಎಂದು ತೋರಿಸಿದಂತೆ. ಯಾವ ಹೂಡಿಕೆದಾರರೂ ಒಪ್ಪುವುದಿಲ್ಲ.

ಹಾಸನ ಲೆಕ್ಕ

ಲಾಭನಷ್ಟದ ಲೆಕ್ಕದಲ್ಲಿ ನಿಮ್ಮ ಮಾತು ಸರಿ. ಒಂದು ಕಿಲೋ ಕಾಫಿಗೆ ನಿಜವಾಗಿ ಎಷ್ಟು ತಗಲುತ್ತದೆ ಎಂದು ನೋಡುವಾಗಲೂ ಸರಿ. ಆದರೆ ಇದು ಹಣ ಯಾವ ತಿಂಗಳು ಖಾತೆಯಿಂದ ಹೊರಗೆ ಹೋಗುತ್ತದೆ ಎಂಬ ಪಟ್ಟಿ. ಕೊಳ್ಳುವಾಗಲೇ ರೋಸ್ಟರಿಗೆ ಪೂರ್ತಿ ಹಣ ಬರೆದು, ಮತ್ತೆ ಪ್ರತಿ ತಿಂಗಳು 7,500 ಬರೆದರೆ ಒಂದೇ ಯಂತ್ರಕ್ಕೆ ಎರಡು ಸಲ ಹಣ ಕೇಳಿದಂತಾಗುತ್ತದೆ. ವರ್ಷಕ್ಕೆ 90,000 ಸುಮ್ಮನೆ ಉಬ್ಬುತ್ತದೆ. ಸವಕಳಿಯನ್ನು ಬೇರೆ ಹಾಳೆಯಲ್ಲಿ ಇಡಿ.

ಈಗ ಬೀಜ. ಹುರಿದಾಗ ಸುಮಾರು ಶೇ. 15 ತೂಕ ಹೋಗುತ್ತದೆ, ಕಪ್ಪಗೆ ಹುರಿದರೆ ಇನ್ನೂ ಹೆಚ್ಚು. ಅಂದರೆ 550ರ ಬೀಜ ಹುರಿದ ಮೇಲೆ ಕಿಲೋಗೆ 647 ಬೀಳುತ್ತದೆ. 2,290 ಕಿಲೋ ಮಾರಲು ಸುಮಾರು 2,694 ಕಿಲೋ ಬೀಜ ಬೇಕು, ಅದಕ್ಕೆ 14.8 ಲಕ್ಷ. ನಿಮ್ಮ ಪಟ್ಟಿಯಲ್ಲಿ ಇರುವುದು 4.5 ಲಕ್ಷ. ಉಳಿದ 10.3 ಲಕ್ಷ ಎಲ್ಲಿಯೂ ಇಲ್ಲ.

ಗಿರಿಶ್ರೇಣಿ

ಮಾರಿದ ಹಣದಿಂದ ಮುಂದಿನ ಲಾಟ್ ಕೊಳ್ಳುತ್ತೇವೆ ಎಂದುಕೊಂಡಿದ್ದೆವು.

ಹಾಸನ ಲೆಕ್ಕ

ಅದು ತಪ್ಪಲ್ಲ. ಆದರೆ ಹಾಗಿದ್ದರೆ ಮಾರಾಟದ ಹಣ ಬರುವ ಸಾಲು, ಬೀಜಕ್ಕೆ ಹೋಗುವ ಸಾಲು, ಎರಡೂ ಪಟ್ಟಿಯಲ್ಲಿ ಇರಬೇಕು. ನೀವು ಎರಡನ್ನೂ ಬಿಟ್ಟಿದ್ದೀರಿ. ಎರಡೂ ಒಂದನ್ನೊಂದು ಸರಿದೂಗಿಸುತ್ತವೆಯೇ, ಯಾವ ತಿಂಗಳು ಸರಿದೂಗಿಸುವುದಿಲ್ಲ ಎಂಬುದೇ ಅವರ ಎರಡನೆಯ ಪ್ರಶ್ನೆ.

ತೋಟದಮನೆ

ಮಗಳೇ, ಲೆಕ್ಕದವರು ಹೇಳದ ಒಂದು ಮಾತು ಹೇಳುತ್ತೇನೆ. ನಾನು ಮೂಡಿಗೆರೆ ಕಡೆಯ ಬೆಳೆಗಾರ. ನೀವು ನವೆಂಬರ್‌ನಲ್ಲಿ ಅಂಗಡಿ ತೆರೆಯುತ್ತೀರಿ. ಆಗ ನಮ್ಮಲ್ಲಿ ಅರೇಬಿಕಾ ಕೊಯ್ಲು ಈಗಷ್ಟೇ ಆರಂಭವಾಗಿರುತ್ತದೆ. ರೊಬಸ್ಟಾ ಸಂಕ್ರಾಂತಿಯ ಆಸುಪಾಸು, ಕೆಲವು ಕಡೆ ಇನ್ನೂ ತಡ. ಕೊಯ್ದು, ಪಲ್ಪ್ ಮಾಡಿ, ಒಣಗಿಸಿ, ಕ್ಯೂರಿಂಗ್ ಆಗಿ ನಿಮ್ಮ ರೋಸ್ಟರಿಗೆ ಹಾಕುವ ಹೊತ್ತಿಗೆ ಫೆಬ್ರವರಿ, ಮಾರ್ಚ್. ಆದ್ದರಿಂದ ನಿಮ್ಮ ಮೊದಲ ಲಾಟ್ ಹಳೆಯ ಫಸಲಿನದೇ ಆಗಿರುತ್ತದೆ. ಹೊಸ ಫಸಲು ಬಂದಾಗ ವರ್ಷಕ್ಕೆ ಬೇಕಾದಷ್ಟನ್ನು ಒಂದೇ ತೋಟದಿಂದ ಎತ್ತಿಡಿ. ಆಗ ನಮಗೂ ಆಳುಗಳ ಬಟವಾಡೆಗೆ ಹಣ ಬೇಕಿರುತ್ತದೆ, ಕೂತು ಮಾತನಾಡಬಹುದು. ಜೂನ್ ಹೊತ್ತಿಗೆ ಬಂದು ಅದೇ ತೋಟದ ಅದೇ ರುಚಿ ಬೇಕೆಂದರೆ ಯಾರ ಹತ್ತಿರ ಇರುತ್ತದೆ?

ಕಾಫಿಯನ್ನು ಕರೆಂಟ್ ಬಿಲ್ಲಿನ ಹಾಗೆ ಹನ್ನೆರಡು ಭಾಗ ಮಾಡಿ ಬರೆಯುವುದನ್ನು ನೋಡಿದರೆ ನನಗೆ ನಗು ಬರುತ್ತದೆ.

ಹಾಸನ ಲೆಕ್ಕ

ಸರ್, ನಿಮ್ಮ ಮಾತಿನಿಂದ ಇಡೀ ಪಟ್ಟಿಯ ಆಕಾರವೇ ಬದಲಾಗುತ್ತದೆ. ಅದನ್ನು ಹಿಡಿದುಕೊಂಡೇ ನಾನು ರಾತ್ರಿ ಕೂತು ಒಂದು ಲೆಕ್ಕ ಹಾಕಿದೆ. ಮೇಡಂ, ನಿಧಾನವಾಗಿ ಓದಿ.

ಒಂದೇ ಬಾರಿಯ ಖರ್ಚಿನಿಂದ ಆರಂಭಿಸೋಣ. ರೋಸ್ಟರಿನ 9 ಲಕ್ಷದ ಕೊಟೇಶನ್ ತೆಗೆದು ಕೆಳಗಿನ ಸಣ್ಣ ಅಕ್ಷರ ಓದಿ. ತೆರಿಗೆ, ಸಾಗಣೆ, ಜೋಡಣೆ ಪ್ರತ್ಯೇಕ ಎಂದಿರುವ ಸಾಧ್ಯತೆ ಹೆಚ್ಚು. ಶೇ. 18 ಜಿಎಸ್‌ಟಿ ಎಂದರೆ 1.62 ಲಕ್ಷ. ಲಾರಿ, ಇಳಿಸುವ ಕ್ರೇನ್, ಹೊಗೆ ಕೊಳವೆ, ಗ್ಯಾಸ್ ಪೈಪಿಗೆ 78,000 ಹಿಡಿದಿದ್ದೇನೆ. 11.4 ಲಕ್ಷ ಆಯಿತು. ಗ್ರೈಂಡರ್ ಮತ್ತು ಸೀಲಿಂಗ್ ಯಂತ್ರ ತೆರಿಗೆ ಸೇರಿ 2.83 ಲಕ್ಷ. ತ್ರೀ ಫೇಸ್ ಸಂಪರ್ಕಕ್ಕೆ ಮೆಸ್ಕಾಂ ಠೇವಣಿ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ. 40,000 ಎಂದು ಬರೆದಿದ್ದೇನೆ, ನೀವು ಕೇಳಿ ಖಚಿತಪಡಿಸಿಕೊಳ್ಳಿ.

ಪೌಚ್ ಬಿಲ್ಲನ್ನು ಬಿಡಿಸಿ ನೋಡಿ. 1.6 ಲಕ್ಷದಲ್ಲಿ ಬಣ್ಣಕ್ಕೊಂದರಂತೆ ಕೆತ್ತುವ ಮುದ್ರಣ ಸಿಲಿಂಡರ್‌ಗಳ ಶುಲ್ಕ ಎಷ್ಟು, ಪೌಚಿನ ಬೆಲೆ ಎಷ್ಟು? ಮೊದಲನೆಯದು ವಿನ್ಯಾಸ ಬದಲಿಸುವವರೆಗೆ ಮತ್ತೆ ಬರುವುದಿಲ್ಲ. ಎರಡನೆಯದು ಪೌಚ್ ಮುಗಿದಾಗಲೆಲ್ಲ ಬರುತ್ತದೆ. ಒಂದೇ ಬಿಲ್ಲಿನಲ್ಲಿ ಎರಡು ಜಾತಿಯ ಖರ್ಚು. ಸದ್ಯ 60,000 ಮತ್ತು 1 ಲಕ್ಷ ಎಂದು ಒಡೆದಿದ್ದೇನೆ.

ಶೆಡ್ ಅಡ್ವಾನ್ಸ್ 2 ಲಕ್ಷ ಖರ್ಚೇ ಅಲ್ಲ, ಖಾಲಿ ಮಾಡುವಾಗ ಹಿಂದೆ ಬರಬೇಕಾದ ಹಣ. ಆದರೆ ಮೊದಲ ತಿಂಗಳು ಖಾತೆಯಿಂದ ಹೋಗುವುದು ಹೋಗಿಯೇ ಹೋಗುತ್ತದೆ. ಆದ್ದರಿಂದ ಹಣದ ಪಟ್ಟಿಯಲ್ಲಿ ಇರಲಿ, ‘ಮರಳುವ ಠೇವಣಿ’ ಎಂಬ ಪ್ರತ್ಯೇಕ ಸಾಲಿನಲ್ಲಿ ಮೆಸ್ಕಾಂ ಠೇವಣಿಯ ಜೊತೆ ಇರಲಿ. ಬೀಜವನ್ನೂ ಪೌಚನ್ನೂ ಇಲ್ಲಿಂದ ಎತ್ತಿ ‘ದಾಸ್ತಾನು’ ಎಂಬ ಮೂರನೆಯ ಗುಂಪಿಗೆ ಹಾಕಿ. ಅವು ಒಂದೇ ಬಾರಿಯವೂ ಅಲ್ಲ, ತಿಂಗಳವೂ ಅಲ್ಲ. ಹೀಗೆ ಮಾಡಿದ ಮೇಲೆ ಒಂದೇ ಬಾರಿಯದು, ಠೇವಣಿ ಸೇರಿ, 21.73 ಲಕ್ಷ.

ತಿಂಗಳ ಖರ್ಚಿನಲ್ಲಿ ಇನ್ನೊಂದು ಒಡಕು ಬೇಕು. ಬಾಡಿಗೆ, ಸಂಬಳ, ಪ್ರಚಾರ, ಇತರೆ, ಮೆಸ್ಕಾಂನ ನಿಗದಿತ ಶುಲ್ಕದಂಥವು ಒಂದು ಕಿಲೋ ಮಾರದಿದ್ದರೂ ಬರುತ್ತವೆ. ಒಟ್ಟು 1.7 ಲಕ್ಷ. ಗ್ಯಾಸ್, ಕೊರಿಯರ್, ಆನ್‌ಲೈನ್ ತಾಣದ ಕಮಿಷನ್ ಮಾರಿದಷ್ಟಕ್ಕೆ ಮಾತ್ರ, ಕಿಲೋಗೆ 120 ಎಂದು ಹಿಡಿದಿದ್ದೇನೆ. ನೀವು ಆಗಸ್ಟ್‌ನಲ್ಲೇ 30,000 ಕೊರಿಯರ್ ಬರೆದಿದ್ದೀರಿ. ರೋಸ್ಟರ್ ಇನ್ನೂ ಬಂದಿಲ್ಲದ ತಿಂಗಳಲ್ಲಿ ಏನನ್ನು ಕಳುಹಿಸುತ್ತೀರಿ? ಹಾಗೆಯೇ ನಾಲ್ಕೂ ಜನರ ಸಂಬಳ ಮೊದಲ ದಿನದಿಂದ ಬೇಡ. ಹಾಗಾಗಿ ಒಟ್ಟು ನಿಗದಿತ ಖರ್ಚು ಮೊದಲ ಎರಡು ತಿಂಗಳು ತಿಂಗಳಿಗೆ 60,000, ಅಕ್ಟೋಬರ್‌ನಲ್ಲಿ 1.3 ಲಕ್ಷ, ನವೆಂಬರ್‌ನಿಂದ ಪೂರ್ತಿ 1.7 ಲಕ್ಷ.

ಬರುವ ಹಣ: ಕೆಫೆಗಳೂ ತಾಣಗಳೂ ಒಂದು ತಿಂಗಳು ತಡವಾಗಿ ಕೊಡುತ್ತವೆ ಎಂದುಕೊಂಡಿದ್ದೇನೆ. ನವೆಂಬರ್ ಮಾರಾಟದ 1.1 ಲಕ್ಷ ಡಿಸೆಂಬರ್‌ಗೆ ಬರುತ್ತದೆ. ಬೀಜ ಎರಡು ಸಲ: ಅಕ್ಟೋಬರ್‌ನಲ್ಲಿ ನಿಮ್ಮ 4.5 ಲಕ್ಷದ ಲಾಟ್, ಅದು ಫೆಬ್ರವರಿಯವರೆಗೆ ಸಾಕು. ಮಾರ್ಚ್‌ನಲ್ಲಿ ಹೊಸ ಫಸಲಿನ 10.3 ಲಕ್ಷದ ಲಾಟ್, ಜುಲೈವರೆಗೆ. ಪೌಚ್ ಅಕ್ಟೋಬರ್‌ನಲ್ಲೊಮ್ಮೆ, ಜುಲೈನಲ್ಲಿ ಮತ್ತೊಮ್ಮೆ.

ಒಟ್ಟು ಎಷ್ಟು ಹಣ ಒಳಗೆ ಹೋಗಿ ಕೂತಿದೆ ಎಂದು ತಿಂಗಳ ಕೊನೆಗೆ ನೋಡುತ್ತಾ ಬನ್ನಿ. ಆಗಸ್ಟ್ ಕೊನೆಗೆ 10.4 ಲಕ್ಷ. ಅಕ್ಟೋಬರ್ ಕೊನೆಗೆ 29.7. ಅಲ್ಲಿಂದ ಏರಿಕೆ ನಿಧಾನ, ಜನವರಿಗೆ 32.7. ಫೆಬ್ರವರಿಯಲ್ಲಿ ಬಂದದ್ದೂ ಹೋದದ್ದೂ ಹೆಚ್ಚು ಕಡಿಮೆ ಸಮ. ಇಲ್ಲಿ ನೀವು ಇನ್ನೇನು ದಡ ಸೇರಿದೆವು ಎಂದುಕೊಳ್ಳುತ್ತೀರಿ. ಮಾರ್ಚ್‌ನಲ್ಲಿ ಬೀಜ ಕೊಂಡ ಕೂಡಲೇ 42.6 ಲಕ್ಷ. ಅದೇ ತಳ, ಅಂದರೆ ಕೈಯಲ್ಲಿ ಅತಿ ಕಡಿಮೆ ಹಣ ಇರುವ ಹೊತ್ತು. ನಂತರ ಒಳಗೆ ಕೂತ ಹಣ ಕರಗುತ್ತಾ ಜುಲೈ ಕೊನೆಗೆ 38.3.

ಹೂಡಿಕೆದಾರರ ಎರಡನೆಯ ಪ್ರಶ್ನೆಗೆ ಉತ್ತರ: ಎಂಟನೇ ತಿಂಗಳು, ಮಾರ್ಚ್. ಎರಡು ಒಟ್ಟು ಮೊತ್ತಗಳನ್ನು ಕೂಡಿದರೆ ಇದು ಎಂದಿಗೂ ಕಾಣುವುದಿಲ್ಲ.

ಗಿರಿಶ್ರೇಣಿ

ತುಂಬಾ ಧನ್ಯವಾದ ಸರ್. ಇದನ್ನು ಹಾಳೆಯಲ್ಲಿ ಹೇಗೆ ಜೋಡಿಸುವುದು ಎಂದು ಒಂದು ಮಾತು ಹೇಳಿದರೆ ಉಪಕಾರ. ಕಂಡುಬಂದ ಇನ್ನೊಂದು ವಿಚಾರ: ಪ್ರಿಂಟರ್‌ಗೆ ಫೋನ್ ಮಾಡಿ ಪೌಚ್ ಬಿಲ್ ಬಿಡಿಸಿಕೊಂಡೆ. ಸಿಲಿಂಡರ್ ಶುಲ್ಕ 60,000ವೇ. ನಾವು ಎರಡು ಅಳತೆಯ ಪೌಚ್ ಕೇಳಿದ್ದರಿಂದ ಎರಡು ಜೊತೆ ಸಿಲಿಂಡರ್ ಹಿಡಿದಿದ್ದಾರಂತೆ. 250 ಗ್ರಾಂನ ಒಂದೇ ಅಳತೆಯಲ್ಲಿ ಆರಂಭಿಸಿದರೆ ಅರ್ಧ ಉಳಿಯುತ್ತದೆ. ದೊಡ್ಡ ಅಳತೆಗೆ ಸಾದಾ ಪೌಚ್ ತಂದು ಲೇಬಲ್ ಅಂಟಿಸಬಹುದು.

ಹಾಸನ ಲೆಕ್ಕ

ಹಾಗೆಯೇ ಮಾಡಿ. ಬಿಲ್ ಒಡೆದು ನೋಡಿದ್ದಕ್ಕೆ ಸಿಕ್ಕ ಮೊದಲ ಫಲ ಅದು.

ಹಾಳೆಯಲ್ಲಿ ಅಡ್ಡಕ್ಕೆ ಹನ್ನೆರಡು ತಿಂಗಳು, ಬಿ ಯಿಂದ ಎಂ ವರೆಗಿನ ಕಾಲಂಗಳು. ಐದನೇ ಸಾಲು ಬಂದ ಹಣ, ಹದಿನೇಳನೇ ಸಾಲು ಹೋದ ಹಣದ ಒಟ್ಟು, ಇಪ್ಪತ್ತನೇ ಸಾಲು ಉಳಿಕೆ. ಮೊದಲ ತಿಂಗಳಿಗೆ ಹಿಂದಿನ ಉಳಿಕೆ ಇರುವುದಿಲ್ಲವಾದ್ದರಿಂದ ಅದರ ಸೂತ್ರ ಬೇರೆ. ಎರಡನೆಯದನ್ನು ಎಂ ವರೆಗೆ ಎಳೆಯಿರಿ. ಮೂರನೆಯದು ತಳವನ್ನು ಹೇಳುತ್ತದೆ.

```
B20:  =B5-B17
C20:  =B20+C5-C17
B22:  =MIN(B20:M20)
```

ಹೂಡಿಕೆಯ ಹಣವನ್ನು ಐದನೇ ಸಾಲಿಗೆ ಹಾಕಬೇಡಿ. ಹಾಕಿದರೆ ಉಳಿಕೆ ಯಾವಾಗಲೂ ಚೆನ್ನಾಗಿ ಕಾಣುತ್ತದೆ. ಇಲ್ಲದೆ ನೋಡಿದಾಗ ಬರುವ ಅತಿ ದೊಡ್ಡ ಕೊರತೆಯೇ ನೀವು ಕೇಳಬೇಕಾದ ಮೊತ್ತದ ಬುಡ.

ಸಣ್ಣ ಹೂಡಿಕೆ

ಮಂಗಳೂರಿನಿಂದ ಬರೆಯುತ್ತಿದ್ದೇನೆ. ನಾನು ಸ್ನೇಹಿತರೊಂದಿಗೆ ಇಂಥ ಸಣ್ಣ ಕಂಪನಿಗಳಲ್ಲಿ ಹಣ ಹಾಕುತ್ತೇನೆ, ಹಾಗಾಗಿ ಮೇಜಿನ ಆ ಬದಿಯಿಂದ ಒಂದು ಮಾತು. ಹಾಸನದವರ ಲೆಕ್ಕ ಹಣದ ದೃಷ್ಟಿಯಿಂದ ಸರಿ. ಆದರೆ ಏಪ್ರಿಲ್‌ನಿಂದ ಜುಲೈವರೆಗೆ ಉಳಿಕೆ ಏರುತ್ತಿರುವುದನ್ನು ತೋರಿಸಿ “ಒಂಬತ್ತನೇ ತಿಂಗಳಿನಿಂದ ಲಾಭ” ಎಂದು ದಯವಿಟ್ಟು ಬರೆಯಬೇಡಿ. ಆ ತಿಂಗಳುಗಳಲ್ಲಿ ಬೀಜಕ್ಕೆ ಹಣ ಕೊಡುತ್ತಿಲ್ಲ, ಮಾರ್ಚ್‌ನಲ್ಲಿಯೇ ಕೊಟ್ಟಾಗಿದೆ. ಅದಕ್ಕೇ ಏರುತ್ತಿದೆ.

ಕಿಲೋ ಲೆಕ್ಕ ನೋಡಿ. 1,100ಕ್ಕೆ ಮಾರಿದರೆ ಬೀಜ 647, ನಾಲ್ಕು ಪೌಚ್ 40, ಗ್ಯಾಸ್ ಕೊರಿಯರ್ ಕಮಿಷನ್ 120. ಉಳಿಯುವುದು 293. ಜುಲೈನ 400 ಕಿಲೋಗೆ 1.17 ಲಕ್ಷ. ನಿಮ್ಮ ನಿಗದಿತ ಖರ್ಚು 1.7 ಲಕ್ಷ. ಅಂದರೆ ವರ್ಷದ ಕೊನೆಯ ತಿಂಗಳಲ್ಲಿಯೂ 53,000 ನಷ್ಟ. ಸಮಸಮ ಆಗಲು ತಿಂಗಳಿಗೆ 580 ಕಿಲೋ ಬೇಕು. ಇದನ್ನು ನೀವೇ ಬರೆದುಕೊಂಡು ಬಂದರೆ ನಾನು ಮುಂದಿನ ಪುಟ ತಿರುಗಿಸುತ್ತೇನೆ. ನಾನು ಕಂಡುಹಿಡಿಯಬೇಕಾಗಿ ಬಂದರೆ ಪಟ್ಟಿಯ ಉಳಿದ ಸಾಲುಗಳನ್ನೂ ಅನುಮಾನದಿಂದ ಓದುತ್ತೇನೆ.

ಎಂಬಿಎ ಮೂರನೇ ಬೆಂಚು

ಅಂದರೆ ನನ್ನ ಸವಕಳಿಯೂ ಸೇರಿದರೆ ನಷ್ಟ 60,500. ನಾನು ಹೇಳಿದ್ದು ಪೂರ್ತಿ ತಪ್ಪಲ್ಲ ತಾನೇ.

ಸಣ್ಣ ಹೂಡಿಕೆ

ಪೂರ್ತಿ ತಪ್ಪಲ್ಲ. ಜಾಗ ತಪ್ಪು ಅಷ್ಟೇ. ಈ ಕಿಲೋ ಲೆಕ್ಕದ ಹಾಳೆಯಲ್ಲಿ ಅದಕ್ಕೆ ಜಾಗವಿದೆ.

ಗಿರಿಶ್ರೇಣಿ

ತಳ 42.6 ಲಕ್ಷ ಎಂದಾದರೆ 43 ಕೇಳಬೇಕೇ, 50 ಕೇಳಬಹುದೇ? ನನ್ನ ತಮ್ಮ ಒಟ್ಟು ಮೊತ್ತದ ಮೇಲೆ ಶೇ. 10 ಆಕಸ್ಮಿಕ ಖರ್ಚು ಸೇರಿಸಿದರೆ ಆಯಿತು ಎನ್ನುತ್ತಾನೆ.

ಸಣ್ಣ ಹೂಡಿಕೆ

ಶೇ. 10 ಎಂದು ಬರೆದವರನ್ನು ನಾನು ಕೇಳುವುದು ಒಂದೇ: ಯಾವುದರ ಮೇಲೆ? ಬಾಡಿಗೆ ಕರಾರಿನಲ್ಲಿ ಬರೆದಾಗಿದೆ, ಅದು ಶೇ. 10 ಏರುವುದಿಲ್ಲ. ಬೀಜದ ಬೆಲೆ ಅದಕ್ಕಿಂತ ಹೆಚ್ಚು ಏರಬಹುದು. ಅಲುಗಾಡುವ ಸಾಲುಗಳನ್ನು ಮಾತ್ರ ಅಲುಗಾಡಿಸಿ ತೋರಿಸಿ. ಮಾರ್ಚ್‌ನಲ್ಲಿ ಬೀಜ ಶೇ. 20 ದುಬಾರಿಯಾದರೆ ತಳ ಸುಮಾರು 2 ಲಕ್ಷ ಆಳಕ್ಕೆ ಹೋಗುತ್ತದೆ. ಹಣ ಒಂದು ತಿಂಗಳ ಬದಲು ಎರಡು ತಿಂಗಳು ತಡವಾಗಿ ಬಂದರೆ ಮಾರ್ಚ್‌ಗೆ ಬರಬೇಕಿದ್ದ 2.42 ಲಕ್ಷ ಬರುವುದಿಲ್ಲ. ಎರಡೂ ಒಟ್ಟಿಗೆ ಆದರೆ ತಳ 47 ಲಕ್ಷ. ಹೀಗೆ ತೋರಿಸಿದರೆ 50 ಕೇಳುವುದಕ್ಕೆ ಕಾರಣ ಸಿಗುತ್ತದೆ. ಮೊತ್ತ ಹಳೆಯದೇ, ಆದರೆ ಈಗ ಪ್ರತಿ ಲಕ್ಷ ಏಕೆ ಬೇಕೆಂದು ನೀವು ಹೇಳಬಲ್ಲಿರಿ.

ಬೇಲೂರು ಬೇಕರಿ

ನನ್ನದೊಂದು ಅನುಭವ ಹೇಳಲೇ? ಓವನ್ ಬಿಲ್ಲಿನ ಜಿಎಸ್‌ಟಿ ಹಿಂದೆ ಬರುತ್ತದೆ ಎಂದು ಮಾರಿದವರು ಹೇಳಿದ್ದರು. ಎಷ್ಟು ಕಾಲವಾದರೂ ಬ್ಯಾಂಕಿಗೆ ಒಂದು ರೂಪಾಯಿ ಬಂದಿಲ್ಲ.

ಹಾಸನ ಲೆಕ್ಕ

ಸರ್, ಅದು ಬ್ಯಾಂಕಿಗೆ ಬರುವುದಿಲ್ಲ, ನೀವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುತ್ತದೆ. ಇದು ಕಾಫಿಯವರಿಗೂ ಬೇಕಾದ ವಿಷಯ. ಹುರಿದ ಕಾಫಿಗೆ ಗ್ರಾಹಕರಿಂದ ಪಡೆಯುವುದು ಶೇ. 5. ಯಂತ್ರಕ್ಕೆ ಕೊಟ್ಟಿದ್ದು ಶೇ. 18. ಮೇಡಂ ಅವರ ಎರಡು ಯಂತ್ರಗಳ ಬಿಲ್ಲಿನಲ್ಲಿ ಒಟ್ಟು 2.05 ಲಕ್ಷ ತೆರಿಗೆ ಇದೆ. ವರ್ಷದ ಮಾರಾಟ 25.2 ಲಕ್ಷಕ್ಕೆ ಶೇ. 5 ಎಂದರೆ 1.26 ಲಕ್ಷ. ಪೂರ್ತಿ ವರ್ಷ ಮಾರಿದರೂ ಯಂತ್ರದ ತೆರಿಗೆಯೇ ತೀರುವುದಿಲ್ಲ, ಪೌಚು ಮತ್ತಿತರ ಬಿಲ್ಲಿನ ತೆರಿಗೆ ಅದರ ಮೇಲೆ ಬೇರೆ. ತೆರಿಗೆ ದರದ ವ್ಯತ್ಯಾಸಕ್ಕಾಗಿ ಕೊಡುವ ಮರುಪಾವತಿಯಲ್ಲಿ ಯಂತ್ರೋಪಕರಣದ ತೆರಿಗೆ ಸೇರುವುದಿಲ್ಲ. ಅದಕ್ಕೇ ತೆರಿಗೆ ಸೇರಿಸಿಯೇ ಯಂತ್ರದ ಬೆಲೆ ಬರೆದೆ. ಗ್ರಾಹಕರಿಂದ ಬರುವ ಆ 1.26 ಲಕ್ಷವನ್ನು ನಾನು ಬಂದ ಹಣದಲ್ಲಿ ಸೇರಿಸಿಲ್ಲ, ಅಷ್ಟು ಕೈಯಲ್ಲಿ ಹೆಚ್ಚಾಗಿರಲಿ.

ತೋಟದಮನೆ

ಮಾರ್ಚ್‌ನಲ್ಲಿ ಹತ್ತು ಲಕ್ಷದ ಬೀಜ ಕೊಂಡು ಜುಲೈವರೆಗೆ ಎಲ್ಲಿ ಇಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಜೂನ್ ಬಂದರೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ತಗಡಿನ ಶೆಡ್ಡಿನಲ್ಲಿ ಸಾದಾ ಗೋಣಿಚೀಲದಲ್ಲಿ ಇಟ್ಟರೆ ಬೀಜ ಥಂಡಿ ಹೀರಿ ಬಿಳುಚಿಕೊಳ್ಳುತ್ತದೆ. ಹುರಿದಾಗ ಬಣ್ಣ ಒಂದೇ ಸಮ ಬರುವುದಿಲ್ಲ, ಕಪ್‌ನಲ್ಲಿ ಗೋಣಿಯ ವಾಸನೆ. ಒಳಗೆ ಪ್ಲಾಸ್ಟಿಕ್ ಲೈನರ್ ಇರುವ ಚೀಲ, ನೆಲದಿಂದ ಎತ್ತರಕ್ಕೆ ಮರದ ಹಲಗೆ, ತೇವಾಂಶ ನೋಡುವ ಮೀಟರ್ ಬೇಕು. ಇವು ಯಾವ ಕಾಲಂ?

ಹಾಸನ ಲೆಕ್ಕ

ಹಲಗೆ ಮತ್ತು ಮೀಟರ್ ಒಂದೇ ಬಾರಿ, ಅಕ್ಟೋಬರ್‌ಗೆ. ಲೈನರ್ ದಾಸ್ತಾನಿನ ಜೊತೆ. ಆದರೆ ಸರ್, ಇದೇ ಕಾರಣಕ್ಕೆ ನಾನು ಒಂದೇ ಸಲ ಕೊಳ್ಳುವುದನ್ನು ಪೂರ್ತಿ ಒಪ್ಪುವುದಿಲ್ಲ. ಮಾರ್ಚ್‌ನಲ್ಲಿ ಅರ್ಧ, ಮೇನಲ್ಲಿ ಅರ್ಧ ಎಂದರೆ ಮಾರ್ಚ್‌ನ ಉಳಿಕೆ 42.6ರಿಂದ ಐದು ಲಕ್ಷದಷ್ಟು ಮೇಲೆ ಬರುತ್ತದೆ. ಮೇನಲ್ಲಿ ಮತ್ತೆ ಇಳಿದರೂ ಅಷ್ಟು ಹೊತ್ತಿಗೆ ಏಪ್ರಿಲ್, ಮೇ ತಿಂಗಳ ಹಣ ಬಂದಿರುತ್ತದೆ, ಹಾಗಾಗಿ ಹೊಸ ತಳ ಮೇ ಕೊನೆಗೆ 40.6, ಅಂದರೆ ಎರಡು ಲಕ್ಷದಷ್ಟು ಮೇಲೆ. ಉಳಿದರ್ಧ ಬೀಜ ಅಲ್ಲಿಯವರೆಗೆ ಕ್ಯೂರಿಂಗ್ ವರ್ಕ್ಸ್ ಗೋದಾಮಿನಲ್ಲಿ ಬೆಳೆಗಾರರ ಹೆಸರಿನಲ್ಲಿಯೇ ಇರಲಿ, ಮುಂಗಡ ಕೊಟ್ಟು ಕರಾರು ಮಾಡಿಕೊಳ್ಳಲಿ.

ತೋಟದಮನೆ

ಮುಂಗಡ ಕೊಟ್ಟವರು ಬೆಲೆ ಇಳಿದಾಗ ಮಾಲು ಎತ್ತುವುದಿಲ್ಲ, ಏರಿದಾಗ ಬೆಳೆಗಾರ ಕೊಡುವುದಿಲ್ಲ. ಎರಡನ್ನೂ ನೋಡಿದ್ದೇನೆ. ನನ್ನ ಮಾತು ಬದಲಿಲ್ಲ.

ಸಣ್ಣ ಹೂಡಿಕೆ

ಇಬ್ಬರ ಲೆಕ್ಕವನ್ನೂ ಎರಡು ಹಾಳೆಯಲ್ಲಿ ಇಟ್ಟುಕೊಂಡು ಹೋಗಿ ಮೇಡಂ. ನೀವು ಯಾವುದನ್ನು ಆರಿಸಿದಿರಿ, ಏಕೆ ಎಂದು ಕೇಳುತ್ತಾರೆ. ಇನ್ನೊಂದು: ಸಂಬಳದ 90,000ದಲ್ಲಿ ನಿಮ್ಮದೂ ನಿಮ್ಮ ತಮ್ಮನದೂ ಇದೆಯೇ?

ಗಿರಿಶ್ರೇಣಿ

ಇಲ್ಲ. ಮೊದಲ ವರ್ಷ ನಾವು ಏನೂ ತೆಗೆದುಕೊಳ್ಳುವುದಿಲ್ಲ ಎಂದು ನಿರ್ಧರಿಸಿದ್ದೇವೆ. ಹೂಡಿಕೆದಾರರಿಗೆ ಅದು ಒಳ್ಳೆಯ ಅಭಿಪ್ರಾಯ ಮೂಡಿಸುತ್ತದೆ ಎಂದುಕೊಂಡೆವು.

ಸಣ್ಣ ಹೂಡಿಕೆ

ನನ್ನಲ್ಲಿ ಮೂಡಿಸುವುದಿಲ್ಲ. ನಿಮ್ಮ ಮನೆ ಯಾವುದರಿಂದ ನಡೆಯುತ್ತದೆ ಎಂದು ಗೊತ್ತಿಲ್ಲದಿದ್ದರೆ ಆರನೇ ತಿಂಗಳು ನೀವು ಬೇರೆ ಕೆಲಸ ಹುಡುಕುತ್ತೀರಿ ಎಂಬ ಭಯ ನನಗೆ. ತಲಾ 20,000 ಬರೆಯಿರಿ.

ಹಾಸನ ಲೆಕ್ಕ

ನನಗೆ ಗೊತ್ತಿರುವ ಕೆಲವು ಹೂಡಿಕೆದಾರರು ಇದಕ್ಕೆ ತದ್ವಿರುದ್ಧ, ಮಾಲೀಕರು ಮೊದಲ ವರ್ಷ ಸಂಬಳ ತೆಗೆದರೆ ಮುಖ ಸಿಂಡರಿಸುತ್ತಾರೆ. ತಲಾ 20,000 ಎಂದರೆ ಮಾರ್ಚ್ ಹೊತ್ತಿಗೆ ಎಂಟು ತಿಂಗಳ 3.2 ಲಕ್ಷ. ಬೀಜದ ಬೆಲೆ, ತಡವಾಗುವ ಹಣ ಎರಡೂ ಕೆಟ್ಟರೆ ತಳ 50 ದಾಟುತ್ತದೆ. ಆಗ 50 ಸಾಲುವುದಿಲ್ಲ.

ಗಿರಿಶ್ರೇಣಿ

ಹಾಗಾದರೆ ನವೆಂಬರ್‌ನಿಂದ, ಮಾರಾಟ ಆರಂಭವಾದ ಮೇಲೆ, ತಲಾ 15,000 ಎಂದು ಬರೆದು ನೋಡುತ್ತೇನೆ. ಮಾರ್ಚ್‌ವರೆಗೆ 1.5 ಲಕ್ಷ. ಪೌಚ್ ಸಿಲಿಂಡರ್‌ನಲ್ಲಿ 30,000 ಉಳಿಯಿತು. ಬೀಜವನ್ನು ಎರಡು ಕಂತಿನಲ್ಲಿ ಕೊಳ್ಳುವ ಹಾಳೆಯನ್ನೂ ಮಾಡುತ್ತಿದ್ದೇನೆ. ಅಂಕಲ್, ನಿಮ್ಮ ಭಾಗದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗೋದಾಮು ಬಾಡಿಗೆ ಚೀಲಕ್ಕೆ ತಿಂಗಳಿಗೆ ಎಷ್ಟು ತೆಗೆದುಕೊಳ್ಳುತ್ತಾರೆ, ವಿಮೆ ಅದರಲ್ಲಿ ಸೇರಿರುತ್ತದೆಯೇ?

ತೋಟದಮನೆ

ನಾಳೆ ಆ ಕಡೆ ಹೋಗುವುದಿದೆ, ಕೇಳಿ ಬರೆಯುತ್ತೇನೆ. ವಿಮೆಯ ಮಾತು ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ, ರಸೀದಿಯಲ್ಲಿ ಇದೆಯೇ ನೋಡಿ.